1896ರಿಂದ 2104ರವರೆಗೆ ಅಧಿಕ ವರ್ಷ ಎಷ್ಟು? ನಾನು ಎಣಿಸಿದ ಬಗೆ

ಎರಡು ತಾರೀಖುಗಳ ನಡುವೆ ಎಷ್ಟು ದಿನ ಎಂದು ಹೇಳುವ ಸಣ್ಣ ಪ್ರೋಗ್ರಾಂ ಬರೆಯುವಾಗ ನನಗೆ ಅಧಿಕ ವರ್ಷಗಳ ಎಣಿಕೆ ಬೇಕಾಯಿತು. ಮೊದಲಿಗೆ ದೊಡ್ಡ ಇಸವಿಯಲ್ಲಿ ಚಿಕ್ಕದನ್ನು ಕಳೆದು ನಾಲ್ಕರಿಂದ ಭಾಗಿಸಿದೆ. 1896ರಿಂದ 2104ರವರೆಗೆ, ಎರಡೂ ತುದಿ ಸೇರಿಸಿ ಎಣಿಸಬೇಕಿತ್ತು. ವ್ಯತ್ಯಾಸ 208, ನಾಲ್ಕರಿಂದ ಭಾಗಿಸಿದರೆ 52. ಆದರೆ ಒಂದೊಂದಾಗಿ ಬರೆದು ಎಣಿಸಿದಾಗ ಸಿಕ್ಕಿದ್ದು 51.

ಒಂದೇ ಹೆಚ್ಚಾಗಿದೆ, ಎಲ್ಲೋ ಒಂದು ಕಡೆ ಎಡವಿದ್ದೇನೆ ಎಂದುಕೊಂಡೆ. ಬಿಡಿಸಿ ನೋಡಿದರೆ ತಪ್ಪು ಎರಡಿದ್ದವು. 1896 ಮತ್ತು 2104 ಎರಡೂ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಎರಡು ತುದಿಯಲ್ಲೂ ಕಂಬವಿರುವ ಬೇಲಿಯಲ್ಲಿ ಅಂತರಗಳಿಗಿಂತ ಕಂಬ ಒಂದು ಹೆಚ್ಚಿರುವಂತೆ, ಇಲ್ಲೂ ನಾಲ್ಕರ ಅಪವರ್ತ್ಯಗಳು 52 ಅಲ್ಲ, 53. ನೂರರಿಂದ ಭಾಗವಾಗುವ ಇಸವಿ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಹಾಗಾಗಿ ಆ 53ರಲ್ಲಿ 1900 ಮತ್ತು 2100 ಅಧಿಕ ವರ್ಷಗಳಲ್ಲ, ಎರಡನ್ನೂ ಬಿಡಬೇಕು. ಒಂದು ಕಡಿಮೆ ಎಣಿಸಿ, ಎರಡನ್ನು ಕಳೆಯಲು ಮರೆತಿದ್ದರಿಂದ ಮೇಲ್ನೋಟಕ್ಕೆ ಒಂದೇ ತಪ್ಪಿನಂತೆ ಕಂಡಿತ್ತು. ತಪ್ಪಿಗೆ ತಪ್ಪು ಸೇರಿ ಸರಿಯಂತೆ ಕಾಣುವ ಇಂಥ ಲೆಕ್ಕಗಳನ್ನು ಹಿಡಿಯುವುದೇ ಕಷ್ಟ.

ಆಮೇಲೆ ತುದಿಗಳ ಗೊಡವೆಯನ್ನೇ ಬಿಟ್ಟು, 1ನೇ ಇಸವಿಯಿಂದ ಒಂದು ಇಸವಿಯವರೆಗೆ ಎಷ್ಟು ಎಂದು ಎಣಿಸುವ ದಾರಿ ಹಿಡಿದೆ. ಇಸವಿಯನ್ನು ನಾಲ್ಕರಿಂದ ಭಾಗಿಸಿ, ಶೇಷವನ್ನು ಬಿಟ್ಟು ಭಾಗಲಬ್ಧವನ್ನಷ್ಟೇ ಇಟ್ಟುಕೊಂಡರೆ ಅಲ್ಲಿಯವರೆಗಿನ ನಾಲ್ಕರ ಅಪವರ್ತ್ಯಗಳ ಸಂಖ್ಯೆ ಬರುತ್ತದೆ. ಅದರಿಂದ ನೂರರ ಭಾಗಲಬ್ಧವನ್ನು ಕಳೆಯಬೇಕು. ಆಗ 1900ರ ಜೊತೆಗೆ 1600, 2000 ಕೂಡ ಹೊರಗೆ ಹೋಗುತ್ತವೆ. ಅವು ನಾನೂರರಿಂದ ಭಾಗವಾಗುವ ನಿಜವಾದ ಅಧಿಕ ವರ್ಷಗಳು, ಹಾಗಾಗಿ ನಾನೂರರ ಭಾಗಲಬ್ಧವನ್ನು ಮತ್ತೆ ಕೂಡಿಸಬೇಕು. 2000ನೇ ಇಸವಿ ಒಮ್ಮೆ ಒಳಗೆ ಬಂದು, ಒಮ್ಮೆ ಹೊರಗೆ ಹೋಗಿ, ಮತ್ತೆ ಒಳಗೆ ಬರುವುದನ್ನು ಹಾಳೆಯ ಮೇಲೆ ನೋಡಿದಾಗಲೇ ಈ ಕಳೆ-ಕೂಡು ನನಗೆ ಮನದಟ್ಟಾಗಿದ್ದು.

2104ಕ್ಕೆ ಮೂರು ಭಾಗಲಬ್ಧಗಳು 526, 21, 5. ಅಂದರೆ 526ರಲ್ಲಿ 21 ಕಳೆದು 5 ಕೂಡಿಸಿದರೆ 510. ಇದರಿಂದ 1896ಕ್ಕೆ ಮೊದಲಿನ ವರ್ಷಗಳ ಎಣಿಕೆಯನ್ನು ತೆಗೆಯಬೇಕು. ಇಲ್ಲಿ ನಾನು ಮತ್ತೊಮ್ಮೆ ಎಡವಿದೆ. 1896ನ್ನೇ ಸೂತ್ರಕ್ಕೆ ಹಾಕಿದಾಗ 474 − 18 + 4 = 460 ಬಂದು, ಉತ್ತರ 50ಕ್ಕೆ ಇಳಿಯಿತು. 460ರೊಳಗೆ 1896 ಕೂಡ ಇದೆ. ಅದನ್ನು ಕಳೆದರೆ ನಮಗೆ ಬೇಕಾದ ಮೊದಲ ವರ್ಷವನ್ನೇ ಎಸೆದ ಹಾಗೆ. ಹಾಕಬೇಕಾದ್ದು 1895. ಅದಕ್ಕೆ 473 − 18 + 4 = 459. 510ರಲ್ಲಿ 459 ಹೋದರೆ 51, ಕೈಯಲ್ಲಿ ಎಣಿಸಿದ್ದಕ್ಕೆ ಸರಿಯಾಗಿ ಹೊಂದಿತು.

```python
def L(n):
    return n//4 - n//100 + n//400

print(L(2104) - L(1896 - 1))
```

ಮೊದಲ ಇಸವಿ 1897 ಆಗಿದ್ದರೆ ಒಂದು ಕಳೆಯಲು ಮರೆತರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಸೂತ್ರದ ತಪ್ಪು ತೋರುವುದು ಮೊದಲ ವರ್ಷ ಅಧಿಕ ವರ್ಷವಾಗಿದ್ದಾಗ ಮಾತ್ರ. ಅದಕ್ಕೇ ನಾನು ಈಗ ಒಂದೇ ವರ್ಷದ ಅವಧಿ ಕೊಟ್ಟು ಪರೀಕ್ಷಿಸುತ್ತೇನೆ. 2000ರಿಂದ 2000ಕ್ಕೆ ಕೇಳಿದರೆ 485 − 484, ಅಂದರೆ 1 ಬರಬೇಕು. 1900ರಿಂದ 1900ಕ್ಕೆ 460 − 460, ಅಂದರೆ ಸೊನ್ನೆ. ಮೊದಲನೆಯದು ಸೊನ್ನೆ ಎಂದರೆ ಒಂದು ಕಳೆಯುವುದು ಮರೆತಿದೆ, ಇಲ್ಲವೇ ನಾನೂರರ ನಿಯಮ ಬಿಟ್ಟುಹೋಗಿದೆ. ಎರಡನೆಯದು ಒಂದು ಎಂದರೆ ನೂರರ ನಿಯಮ ಕೆಲಸ ಮಾಡುತ್ತಿಲ್ಲ.

ದಿನಗಳ ಲೆಕ್ಕಕ್ಕೆ ಬಂದಾಗ ಇನ್ನೊಂದು ಎಚ್ಚರ ಬೇಕು. ಸೂತ್ರ ಎಣಿಸುವುದು ಇಸವಿಗಳನ್ನು, ಫೆಬ್ರವರಿ 29ಗಳನ್ನಲ್ಲ. ಅವಧಿ 1896ರ ಮಾರ್ಚ್‌ನಲ್ಲಿ ಶುರುವಾದರೆ ಆ ವರ್ಷದ ಹೆಚ್ಚುವರಿ ದಿನ ಆಗಲೇ ಕಳೆದಿರುತ್ತದೆ, ಅದನ್ನು ಸೇರಿಸಬಾರದು. 2104ರ ಜನವರಿಯಲ್ಲಿ ಮುಗಿದರೆ ಆ ವರ್ಷದ ದಿನ ಇನ್ನೂ ಬಂದಿರುವುದಿಲ್ಲ.

ಇನ್ನು, ಈ ಮೂರೂ ನಿಯಮಗಳು ಗ್ರೆಗೋರಿಯನ್ ಪಂಚಾಂಗದವು. ಅದು 1582ರಲ್ಲಿ ಜಾರಿಗೆ ಬಂದರೂ ಎಲ್ಲ ದೇಶಗಳೂ ಒಟ್ಟಿಗೆ ಒಪ್ಪಿಕೊಳ್ಳಲಿಲ್ಲ. ಹಿಂದಿನ ಜೂಲಿಯನ್ ಪಂಚಾಂಗದಲ್ಲಿ ನಾಲ್ಕರ ನಿಯಮ ಒಂದೇ. ಬ್ರಿಟನ್ ಬದಲಾಗಿದ್ದು 1752ರಲ್ಲಿ, ಹಾಗಾಗಿ ಅಲ್ಲಿ 1700ಕ್ಕೆ ಫೆಬ್ರವರಿ 29 ಇತ್ತು. ರಷ್ಯಾ ಬದಲಾಗಿದ್ದು 1918ರಲ್ಲಿ. ಅಲ್ಲಿ 1900 ಕೂಡ ಅಧಿಕ ವರ್ಷವೇ. ರಷ್ಯಾದಲ್ಲಿ ಬಳಕೆಯಲ್ಲಿದ್ದ ಪಂಚಾಂಗದಂತೆ ಎಣಿಸಿದರೆ 1896ರಿಂದ 2104ರವರೆಗೆ 53ರಲ್ಲಿ ಬಿಡಬೇಕಾದ್ದು 2100 ಒಂದೇ, ಉಳಿಯುವುದು 52.