ಎಡಗಡೆ ಹಾಡು, ಬಲಗಡೆ ಟೈಮ್‌ಕೋಡ್: ಕಾಫಿ ತೋಟದಲ್ಲಿ ಲಿಪ್ ಸಿಂಕ್ ಮಾಡಿದ ನನ್ನ ಅನುಭವ

ಗೋಣಿಕೊಪ್ಪದಲ್ಲಿ ಕೂತು ಮದುವೆ ವಿಡಿಯೊ ಮಾಡುವವನು ಹಾಡಿನ ವಿಡಿಯೊ ಮಾಡ್ತೀನಿ ಅಂದಾಗ ಯಾರೂ ನಂಬಲಿಲ್ಲ. ಮೈಸೂರಿನ ಎಡಿಟರ್ ಹುಡುಗ ಅಂತೂ ನೇರವಾಗಿಯೇ ಹೇಳಿದ: "ಅಣ್ಣಾ, ಟೈಮ್‌ಕೋಡ್ ಬಾಕ್ಸ್ ಇಲ್ದೆ ಔಟ್‌ಡೋರಲ್ಲಿ ಸಿಂಕ್ ನಿಲ್ಲಲ್ಲ. ಆಮೇಲೆ ನನ್ ತಲೆಗೆ ಕಟ್ಬೇಡಿ." ಟೈಮ್‌ಕೋಡ್ ಅಂದರೆ ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಣಿಸಿ ಕೊಡುವ ಗುರುತು. ಆ ಬಾಕ್ಸ್ ಮತ್ತು ಸೌಂಡಿನವರನ್ನು ಬೆಂಗಳೂರಿಂದ ಕರೆಸಲು ಕೇಳಿದೆ. ಓಡಾಟ, ರೂಮು ಎಲ್ಲಾ ಸೇರಿ ದಿನಕ್ಕೆ ಇಪ್ಪತ್ತೈದು ಸಾವಿರದ ಹತ್ತಿರ ಹೇಳಿದರು. ನಮ್ಮ ಇಡೀ ವಿಡಿಯೊದ ಬಜೆಟ್ಟೇ ಐವತ್ತು ದಾಟುವಂತಿರಲಿಲ್ಲ. ಹಾಡುವ ಅಕ್ಕ ಟೀಚರ್. ಕೊಡವ ತಕ್ಕ್ ಭಾಷೆಯ ಹಾಡು, ದುಡ್ಡು ಅವರ ಸ್ವಂತದ್ದು.

ಜೊತೆಗೆ ಹೂವಿನ ಅವಸರ. ಶೂಟ್ ಆಗಬೇಕಿದ್ದದ್ದು ಹೂ ಬಿಟ್ಟ ಕಾಫಿ ತೋಟದಲ್ಲಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಆ ಬಿಳುಪು ಎರಡು ಮೂರು ದಿನ ಇದ್ದರೆ ಹೆಚ್ಚು. ಸಿಂಕ್ ಸರಿ ಇಲ್ಲ ಅಂತ ಆಮೇಲೆ ಗೊತ್ತಾದರೆ ಮತ್ತೆ ಶೂಟ್ ಮಾಡಲು ಮುಂದಿನ ವರ್ಷಕ್ಕೇ ಕಾಯಬೇಕು.

ಹಾಗಾಗಿ ಹೂ ಬಿಡುವ ಮೊದಲೇ ಟೆಸ್ಟ್ ಮಾಡಿದೆ. ಮೊದಲು ಔಟಾಗಿದ್ದು ಬ್ಲೂಟೂತ್ ಸ್ಪೀಕರ್. ಅದು ತಡ ಮಾಡುತ್ತದೆ, ಅದಿರಲಿ, ಎಲ್ಲರಿಗೂ ಗೊತ್ತು. ಆದರೆ ಕನೆಕ್ಟ್ ಮಾಡಿದಾಗಲೆಲ್ಲ ಬೇರೆ ಬೇರೆ ತಡ. ಒಮ್ಮೆ ನಾಲ್ಕು ಫ್ರೇಮ್, ಇನ್ನೊಮ್ಮೆ ಆರೇಳು. ಆಮೇಲೆ ವೈರಿನ ಸ್ಪೀಕರ್ ಇಟ್ಟು, ಕ್ಯಾಮೆರಾ ಮೈಕಲ್ಲಿ ಬಿದ್ದ ಹಾಡಿಗೆ ಸ್ಟುಡಿಯೊ ಟ್ರ್ಯಾಕ್ ಅನ್ನು ವೇವ್‌ಫಾರ್ಮಿನಿಂದ, ಅಂದರೆ ಶಬ್ದದ ಅಲೆಯ ಆಕಾರ ಹೋಲಿಸಿ, ಕೂಡಿಸಿದೆ. ಹತ್ತಿರದ ಶಾಟುಗಳು ಚೆನ್ನಾಗಿ ಕೂತವು. ಗದ್ದೆಯ ಆಚೆಯಿಂದ ಟೆಲಿ ಲೆನ್ಸಲ್ಲಿ ತೆಗೆದದ್ದು ಮಾತ್ರ ಎಷ್ಟು ಜಗ್ಗಿದರೂ ಕೂರಲಿಲ್ಲ. ಸಾಫ್ಟ್‌ವೇರ್ ಮಾತ್ರ "ಸಿಂಕ್ ಆಗಿದೆ" ಅನ್ನುತ್ತಿತ್ತು.

ಕಾರಣ ಗಾಳಿಯಲ್ಲಿ ಶಬ್ದ ಹೋಗುವ ವೇಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಾವು ತೆಗೆಯುವುದು 25 ಫ್ರೇಮಲ್ಲಿ, ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಹೋಗುವುದು ಹದಿನಾಲ್ಕು ಮೀಟರಿಗೂ ಸ್ವಲ್ಪ ಕಡಿಮೆ. ನಾನು ನಿಂತಿದ್ದು ಅಕ್ಕನಿಂದ ಎಪ್ಪತ್ತು ಮೀಟರ್ ದೂರದಲ್ಲಿ. ಅಲ್ಲಿಗೆ ಐದು ಫ್ರೇಮ್ ಹೋಯಿತು. ಸ್ಪೀಕರ್ ನನ್ನ ಹತ್ತಿರ ಇದ್ದರೆ ಅಕ್ಕನಿಗೆ ಹಾಡು ತಡವಾಗಿ ಕೇಳುತ್ತದೆ, ತುಟಿ ಹಿಂದೆ ಬೀಳುತ್ತದೆ. ಸ್ಪೀಕರ್ ಅವರ ಹತ್ತಿರ ಇದ್ದರೆ ನನ್ನ ಮೈಕಿಗೆ ತಡ, ಆಗ ತುಟಿ ಮುಂದೆ ಓಡುತ್ತದೆ. ಎಲ್ಲಿಟ್ಟರೂ ತಪ್ಪೇ.

ಅದಕ್ಕೆ ನಾನು ಮಾಡಿದ್ದು ಇಷ್ಟೇ. ಸ್ಟುಡಿಯೊದ ಫೈನಲ್ ಟ್ರ್ಯಾಕನ್ನು 48 ಕಿಲೊಹರ್ಟ್ಸ್ ವೇವ್ ಫೈಲ್ ಮಾಡಿದೆ. ಎಂಪಿ3 ಬೇಡ, ಅದು ಹಾಡಿನ ತಲೆಗೆ ಸ್ವಲ್ಪ ಖಾಲಿ ಜಾಗ ಸೇರಿಸಿಬಿಡುತ್ತದೆ. ಎಡ ಚಾನೆಲ್ಲಿಗೆ ಮೋನೊ ಹಾಡು, ಬಲ ಚಾನೆಲ್ಲಿಗೆ 25 ಫ್ರೇಮಿನ ಎಲ್‌ಟಿಸಿ, ಅಂದರೆ ಶಬ್ದದ ರೂಪದ ಟೈಮ್‌ಕೋಡ್. ಹಾಡು ಶುರುವಾಗುವುದು ಸರಿಯಾಗಿ 01:00:00:00ಕ್ಕೆ. ಅದಕ್ಕೆ ಹತ್ತು ಸೆಕೆಂಡ್ ಮೊದಲೇ ಕೋಡ್ ಓಡಲು ಶುರು. ಫೋನಿಂದ ಸ್ಪ್ಲಿಟರ್ ಹಾಕಿ, ಎಡದ್ದು ಅಕ್ಕನ ಕಾಲ ಬುಡದ ಗಿಡದೊಳಗೆ ಅಡಗಿಸಿಟ್ಟ ವೈರ್ ಸ್ಪೀಕರಿಗೆ, ಬಲದ್ದು ಮದುವೆಗೆ ಬಳಸುವ ವೈರ್‌ಲೆಸ್ ಮೈಕಿನ ಟ್ರಾನ್ಸ್‌ಮಿಟರಿಗೆ. ರಿಸೀವರ್ ನನ್ನ ಕ್ಯಾಮೆರಾ ಮೇಲೆ. ಅದರ ತಡ ಒಂದು ಫ್ರೇಮಿಗಿಂತ ಕಡಿಮೆ. ಕೋಡ್ ರೇಡಿಯೊದಲ್ಲಿ ಬರುವುದರಿಂದ ದೂರ ಎಷ್ಟಿದ್ದರೂ ತಡದ ಲೆಕ್ಕಕ್ಕಿಲ್ಲ.

ಸ್ಪ್ಲಿಟರ್ ವಿಷಯದಲ್ಲಿ ಹುಷಾರು. ಅಂಗಡಿಯವರು ಕೊಡುವ ಸಾಮಾನ್ಯ ಸ್ಪ್ಲಿಟರ್ ಎರಡೂ ಕಡೆಗೂ ಎರಡೂ ಚಾನೆಲ್ ಕಳಿಸುತ್ತದೆ. ಎಡ, ಬಲ ಬೇರೆ ಮಾಡುವುದೇ ಬೇಕು. ಇಲ್ಲವಾದರೆ ಹಾಡಿನ ಜೊತೆ ಕರ್ರ್ ಅನ್ನುವ ಕೋಡಿನ ಸದ್ದೂ ಸ್ಪೀಕರಲ್ಲಿ ಬರುತ್ತದೆ. ಮೊದಲ ಸಲ ಅಕ್ಕ ಕಿವಿ ಮುಚ್ಚಿಕೊಂಡು "ಏನಪ್ಪಾ ಇದು, ಜೀರುಂಡೆ ಹಾಕಿದ್ದೀಯಾ?" ಅಂದರು. ಫೋನಲ್ಲಿ ಮೋನೊ ಆಡಿಯೊ, ಈಕ್ವಲೈಸರ್ ಎಲ್ಲಾ ಆಫ್ ಇರಬೇಕು. ವೈರ್‌ಲೆಸ್ ಮೈಕಿನ ನಾಯ್ಸ್ ಕ್ಯಾನ್ಸಲ್ ಕೂಡ ಆಫ್. ಅದು ಕೋಡನ್ನೇ ಗಲಾಟೆ ಅಂದುಕೊಂಡು ನುಂಗಿಹಾಕುತ್ತದೆ. ನನ್ನ ಅರ್ಧ ದಿನ ಇದರಲ್ಲೇ ಹೋಯಿತು. ಕ್ಯಾಮೆರಾದಲ್ಲಿ ಆಟೊ ಲೆವೆಲ್ ಬೇಡ. ಹೆಡ್‌ಫೋನ್ ಔಟ್ ಮೈಕ್ ಇನ್‌ಪುಟ್ಟಿಗೆ ಜೋರಾಗುತ್ತದೆ. ಅದನ್ನು ತಗ್ಗಿಸಲು ವೈರಿನೊಳಗೆ ಏನಿಟ್ಟಿದ್ದೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎಲ್ಲಾ ಸೇರಿ ಹೊಸ ಖರ್ಚು ಸಾವಿರ, ಸಾವಿರದ ಇನ್ನೂರು ಅಷ್ಟೇ.

ತೋಟದೊಳಗೆ ಒದ್ದೆ ಎಲೆಗಳ ಮಧ್ಯೆ ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಎಡಿಟರ್ "ನಾನು ಹೇಳಿರ್ಲಿಲ್ವಾ" ಅಂದ. ಆದರೆ ಕೋಡಿಗೆ ಅದು ದೊಡ್ಡ ವಿಷಯ ಅಲ್ಲ. ಟೇಕಿನಲ್ಲಿ ಎಲ್ಲಾದರೂ ಒಂದೆರಡು ಸೆಕೆಂಡ್ ಸ್ವಚ್ಛವಾಗಿ ಸಿಕ್ಕರೆ ಸಾಕು. ಉಳಿದ ಫ್ರೇಮುಗಳನ್ನು ಅಲ್ಲಿಂದ ಎಣಿಸಬಹುದು.

ಎಡಿಟಿಂಗಲ್ಲಿ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿಗೆ ಎಲ್ಲಾ ಟೇಕ್ ಹಾಕಿ, ರೈಟ್ ಕ್ಲಿಕ್ ಮಾಡಿ Update Timecode from Audio Track ಒತ್ತಿದೆವು. ಟೈಮ್‌ಲೈನೂ ಮಾಮೂಲಿಯಾಗಿ 01:00:00:00ಕ್ಕೇ ಶುರುವಾಗುತ್ತದಲ್ಲ, ಹಾಡನ್ನು ಅಲ್ಲಿಟ್ಟು ಲಾಕ್ ಮಾಡಿದೆ. ಎರಡನೇ ಚರಣದ ಮಧ್ಯದಿಂದ ಶುರು ಮಾಡಿದ ಟೇಕ್ ಕೂಡ 01:02:14 ಅಂತ ತನ್ನ ಜಾಗ ತಾನೇ ಹೇಳುತ್ತದೆ. ಮೂವತ್ತು, ಮೂವತ್ತೈದು ಟೇಕ್ ಇದ್ದವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೂತವು. ಹುಡುಗ ಆಮೇಲೆ ಮಾತಾಡಲಿಲ್ಲ.

ಕೂತಿದೆಯಾ ಅಂತ ನೋಡಲು ಪ, ಬ, ಮ ಬರುವ ಜಾಗ ಹುಡುಕಿ. ತುಟಿ ಪೂರ್ತಿ ಮುಚ್ಚುವುದು ಅಲ್ಲೇ. ತುಟಿ ಮುಚ್ಚಿದ ಫ್ರೇಮಿನಲ್ಲಿ ಟ್ರ್ಯಾಕಲ್ಲಿ ಸ್ವರ ಎಳೆಯುತ್ತಿದ್ದರೆ ಸರಿ ಇಲ್ಲ ಅಂತ. 'ಆ'ಕಾರ ನೋಡಿ ತೀರ್ಮಾನ ಮಾಡಬೇಡಿ, ಬಾಯಿ ತೆರೆದಿದ್ದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಇನ್ನೊಂದು, ಸುಮ್ನೆ ತುಟಿ ಆಡಿಸಲು ಬಿಡಬಾರದು, ಜೋರಾಗಿಯೇ ಹಾಡಿಸಬೇಕು. ಕತ್ತಿನ ನರ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಾ ಕ್ಯಾಮೆರಾಗೆ ಕಾಣುತ್ತದೆ.

ಮಧ್ಯೆ ಒಂದು ಆಸೆ ಹುಟ್ಟಿತು: ಹೂ ಉದುರುವುದು ನಿಧಾನವಾಗಿ ಕಾಣಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿರಬೇಕು. 50 ಫ್ರೇಮಲ್ಲಿ ತೆಗೆದು 25ಕ್ಕೆ ಇಳಿಸಬೇಕು. ಅದಕ್ಕೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು. ಕೋಡನ್ನು ವೇಗ ಮಾಡದೆ, ವೇಗದ ಹಾಡಿಗೆ ಹೊಸದಾಗಿ ಮಾಮೂಲಿ ಕೋಡ್ ಕೂಡಿಸಿ 02:00:00:00ರಿಂದ ಶುರು ಮಾಡಿದೆ. ಎರಡನೇ ಗಂಟೆ ಕಂಡರೆ ಸ್ಲೋ ಶಾಟ್ ಅಂತ ಗೊತ್ತಾಗುತ್ತದೆ. ಇವನ್ನು ಕೈಯಲ್ಲೇ ಕೂರಿಸಬೇಕು. ಕೋಡ್ 02:00:20:00 ತೋರಿಸುವ ಫ್ರೇಮನ್ನು ಹಾಡಿನ ನಲವತ್ತನೇ ಸೆಕೆಂಡಿಗೆ ಇಟ್ಟರೆ ಮುಂದಿನದೆಲ್ಲ ಸರಿ. ಆ ವೇಗದಲ್ಲಿ ಕೊಡವ ತಕ್ಕ್ ಹಾಡುವುದು ಸುಲಭ ಅಲ್ಲ. ಅಕ್ಕ ನಗು ತಡೆಯಲಾಗದೆ ಬಹಳ ಟೇಕ್ ಹೋದವು. ಪಲ್ಲವಿಯ ಎರಡು ಸಾಲು ಮಾತ್ರ ಬಳಸಿದೆ.

ಒಂದು ಜಲಪಾತದ ಹತ್ತಿರವೂ ಟ್ರೈ ಮಾಡಿದೆ. ನೀರಿನ ಅಬ್ಬರದಲ್ಲಿ ಕ್ಯಾಮೆರಾ ಮೈಕಿನ ವೇವ್‌ಫಾರ್ಮ್ ಅಂದರೆ ಬರೀ ದಪ್ಪ ಪಟ್ಟಿ, ಯಾವ ಸಾಫ್ಟ್‌ವೇರಿಗೂ ಹಾಡು ಸಿಗಲ್ಲ. ವೈರ್‌ಲೆಸ್ಸಲ್ಲಿ ಬಂದ ಕೋಡಿಗೆ ನೀರಿನ ಹಂಗಿಲ್ಲ. ಅಕ್ಕನಿಗೇ ಹಾಡು ಕೇಳಲಿಲ್ಲ ಅನ್ನೋದು ಬೇರೆ ವಿಷಯ. ಅಲ್ಲಿ ಕೂದಲೊಳಗೆ ವೈರಿನ ಇಯರ್‌ಫೋನ್ ಅಡಗಿಸಿದೆವು. ಹೇಗೆ ಅಂತ ವಿಡಿಯೊದಲ್ಲಿ ಹುಡುಕಿ ನೋಡಿ, ಸಿಗಲ್ಲ.

ಡ್ರೋನಿಗೆ ಮಾತ್ರ ಈ ಉಪಾಯ ನಡೆಯಲಿಲ್ಲ. ನನ್ನ ಡ್ರೋನಿಗೆ ಆಡಿಯೊ ಇನ್‌ಪುಟ್ಟೇ ಇಲ್ಲ. ಪಲ್ಲವಿಯ ಮೊದಲ ಪೆಟ್ಟಿಗೆ ಅಕ್ಕ ಕೈ ಎತ್ತುವಂತೆ ಮಾಡಿ, ಆ ಫ್ರೇಮ್ ಹಿಡಿದು ಕೂರಿಸಿದೆ. ತುಟಿ ಕಾಣದಷ್ಟು ಮೇಲಿನ ಶಾಟ್ ಆದ್ದರಿಂದ ಅಷ್ಟು ಸಾಕಾಯಿತು.