ಕಾಯುವ ಹೊತ್ತಿನಲ್ಲಿ ಸಿಕ್ಕ ಗೆಳತಿ

ಸಾಗರದಿಂದ ಮೈಸೂರಿಗೆ ಬಂದಾಗ ನನಗೆ ಮೂವತ್ತೈದು ದಾಟಿತ್ತು. ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ. ಗಂಡನ ಕೆಲಸದಲ್ಲಿ ಓಡಾಟ ಜಾಸ್ತಿ. ಪರಿಚಯದವರು ಬೇಗ ಆದರು, ಆದರೆ ಮನಸ್ಸು ಬಿಚ್ಚಿ ಮಾತಾಡುವವರು ಇರಲಿಲ್ಲ. ಸ್ನೇಹಕ್ಕೆ ಅಂತ ಬೇರೆ ಸಮಯ ತೆಗೆಯೋಣ ಅಂದರೆ ವಾರದಲ್ಲಿ ಎಲ್ಲೂ ಜಾಗ ಕಾಣಲಿಲ್ಲ.

ಹಾಗಾಗಿ ಖಾಲಿ ಸಮಯ ಹುಡುಕುವುದನ್ನು ಬಿಟ್ಟು, ಒಂದು ಹಾಳೆಯಲ್ಲಿ ನನ್ನ ವಾರವನ್ನು ಬರೆದೆ. ಕೈಕಾಲಿಗೆ ಕೆಲಸ ಇದ್ದು ಬಾಯಿಗೆ ಬಿಡುವಿರುವ ಹೊತ್ತು ಯಾವುದು, ಸುಮ್ನೆ ಕಾಯುತ್ತಾ ಕೂರುವ ಹೊತ್ತು ಯಾವುದು ಅಂತ ಗುರುತು ಹಾಕಿದೆ. ಶನಿವಾರ ಮಗಳ ಭರತನಾಟ್ಯ ಕ್ಲಾಸಿನ ಹೊರಗೆ ಒಂದೂವರೆ ಗಂಟೆ ಕಾಯುತ್ತಿದ್ದೆ. ಬೆಳಿಗ್ಗೆ ವಾಕಿಂಗ್ ಇತ್ತು. ಭಾನುವಾರ ತರಕಾರಿ ತರುವುದಿತ್ತು. ವರ್ಷಕ್ಕೊಮ್ಮೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಇವೆಲ್ಲ ಒಬ್ಬಳೇ ಕಳೆಯುತ್ತಿದ್ದ ಸಮಯ. ಇದನ್ನೇ ಇನ್ನೊಬ್ಬರ ಜೊತೆ ಕಳೆದರೆ ಮನೆಯವರಿಗೆ ಕೊಡುವ ಸಮಯದಲ್ಲಿ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ ಅಲ್ವಾ?

ಗಂಟೆಗಳ ಲೆಕ್ಕ ನನಗೆ ಮುಖ್ಯ ಅನ್ನಿಸಿದ್ದಕ್ಕೆ ಕಾರಣ ಇದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಕೇಳಿ ಮಾಡಿದ ಅಂದಾಜು ಅದು. ಪರಿಚಯದವರು ಸಾಧಾರಣ ಸ್ನೇಹಿತರಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು ಸುಮಾರು 90, ಆಪ್ತರಾಗಲು 200ಕ್ಕಿಂತ ಜಾಸ್ತಿ. ಆಫೀಸಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅದರಲ್ಲಿದೆ. ಪಕ್ಕದ ಮೇಜಿನವರ ಜೊತೆ ವರ್ಷಗಟ್ಟಲೆ ಕೂತರೂ ಹತ್ತಿರವಾಗದಿರುವುದಕ್ಕೆ ನನಗೆ ಅಲ್ಲಿ ಉತ್ತರ ಸಿಕ್ಕಿತು. ನಮ್ಮ ಊರಿನ ಹೆಂಗಸರಿಗೂ ಇದೇ ಸಂಖ್ಯೆ ಸರಿಯಾಗಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅಳತೆಗೋಲಾಗಿ ಉಪಯೋಗಕ್ಕೆ ಬಂತು.

ಲೆಕ್ಕ ಹಾಕಿ ನೋಡಿ. ನಾಲ್ಕು ತಿಂಗಳಿಗೊಮ್ಮೆ ಹೋಟೆಲಿನಲ್ಲಿ ಸೇರಿ ಎರಡು ಗಂಟೆ ಊಟ ಮಾಡಿದರೆ ವರ್ಷಕ್ಕೆ ಆರು ಗಂಟೆ. 50 ಗಂಟೆ ಆಗಲು ಎಂಟು ವರ್ಷ ದಾಟುತ್ತದೆ. ಡ್ಯಾನ್ಸ್ ಕ್ಲಾಸಿನ ಹೊರಗಿನ ಒಂದೂವರೆ ಗಂಟೆ ಪ್ರತಿ ವಾರ ಸಿಕ್ಕರೆ ಎಂಟು ತಿಂಗಳಲ್ಲಿ 50 ಆಗುತ್ತದೆ. ಅದಕ್ಕೆ ವಾರಕ್ಕೆ ಒಂದೊಂದು ಗಂಟೆಯ ಎರಡು ವಾಕಿಂಗ್ ಸೇರಿಸಿದರೆ 200 ಗಂಟೆಗೆ ಒಂದು ವರ್ಷ, ಮೇಲೆ ಸ್ವಲ್ಪ. ಚಿಕ್ಕ ಭೇಟಿ, ಆದರೆ ತಪ್ಪದ ಭೇಟಿ ಬೇಕು ಅಂತ ನಾನು ತೀರ್ಮಾನಿಸಿದ್ದು ಹೀಗೆ.

ಇನ್ನು ಯಾರ ಜೊತೆ? ಕ್ಲಾಸಿನ ಹೊರಗೆ ಏಳೆಂಟು ತಾಯಂದಿರು ಕೂರುತ್ತಿದ್ದರು. ಎಲ್ಲರ ಕೈಯಲ್ಲೂ ಫೋನು. ನಾನು ಎರಡು ವಿಷಯ ನೋಡಿದೆ. ಒಂದು, ಮನೆ ಹತ್ತಿರ ಇರಬೇಕು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವೆಸ್ಟ್‌ಗೇಟ್ ವಸತಿಯಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ಮನಃಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಮತ್ತು ಜೊತೆಯವರು ನೋಡಿದ್ದರು. ಸ್ವಭಾವಕ್ಕಿಂತ ಮೊದಲು ಕೆಲಸ ಮಾಡಿದ್ದು ಪಕ್ಕದ ಬಾಗಿಲು, ಒಂದೇ ಮೆಟ್ಟಿಲು. ಊರಿನ ಆ ತುದಿಯವರು ಎಷ್ಟೇ ಒಳ್ಳೆಯವರಾದರೂ ಮಳೆ ಬಂದ ದಿನ, ಮಗುವಿಗೆ ಜ್ವರ ಬಂದ ದಿನ ಭೇಟಿ ತಪ್ಪುತ್ತದೆ. ಎರಡು, ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟು ತಿರುಗಿ ನನ್ನನ್ನೂ ಒಂದು ಮಾತು ಕೇಳುವವರಾಗಿರಬೇಕು. ನಮ್ಮ ಹಿಂದಿನ ರಸ್ತೆಯವರೊಬ್ಬರು, ಸರ್ಕಾರಿ ಶಾಲೆಯ ಟೀಚರ್, ಹೋದ ವಾರ ನಾನು ಹೇಳಿದ್ದನ್ನು ನೆನಪಿಟ್ಟು "ನಿಮ್ಮತ್ತೆ ಮಂಡಿನೋವು ಹೇಗಿದೆ?" ಅಂತ ಕೇಳಿದರು. ನನಗೆ ಅಷ್ಟು ಸಾಕಿತ್ತು.

ಮುಂದಿನ ಹೆಜ್ಜೆ ಕರೆಯುವುದು. "ಯಾವಾಗಾದ್ರೂ ಮನೆಗೆ ಬನ್ನಿ" ಅಂತ ಎಲ್ಲರೂ ಎಲ್ಲರಿಗೂ ಹೇಳುತ್ತೇವೆ, ಯಾರೂ ಹೋಗುವುದಿಲ್ಲ. ಅದರಲ್ಲಿ ದಿನ ಇಲ್ಲ, ಹೊತ್ತು ಇಲ್ಲ. ಬಂದರೆ ತಿಂಡಿ ಮಾಡಬೇಕು, ಮನೆ ಚೊಕ್ಕ ಮಾಡಬೇಕು ಅನ್ನುವ ಭಾರ ಬೇರೆ. ನಾನು ಹೀಗೆ ಕೇಳಿದೆ: "ಮಂಗಳವಾರ, ಗುರುವಾರ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋಗ್ತೀನಿ. ಗೇಟಿನ ಹತ್ತಿರ ಐದು ನಿಮಿಷ ನಿಂತಿರ್ತೀನಿ. ನೀವು ಬಂದ್ರೆ ಜೊತೆಗೆ ನಡೆಯೋಣ, ಬರದಿದ್ರೆ ನಾನು ನಡೀತಿರ್ತೀನಿ." ಅವರು ಬರದಿದ್ದರೂ ನನ್ನ ದಿನ ಕೆಡುವುದಿಲ್ಲ. ಬರಲಾಗಲಿಲ್ಲ ಅಂತ ಅವರು ಸಂಕೋಚ ಪಡಬೇಕಾಗಿಲ್ಲ. ದಿನ, ಹೊತ್ತು, ಜಾಗ ಮೂರೂ ಗೊತ್ತಿರುವುದರಿಂದ ಪ್ರತಿ ಸಲ ಮೆಸೇಜ್ ಮಾಡಿ ಕೇಳುವ ಕೆಲಸವೂ ಇಲ್ಲ.

ಮೊದಲ ವಾರ ಬರಲಿಲ್ಲ. ಎರಡನೇ ವಾರ ಗುರುವಾರ ಬಂದರು. ಕೆರೆಯ ಒಂದು ಸುತ್ತಿಗೆ ನಮ್ಮ ನಡಿಗೆಯಲ್ಲಿ ಸುಮಾರು ಒಂದು ಗಂಟೆ. ಅಕ್ಕಪಕ್ಕ ನಡೆಯುವಾಗ ಮುಖ ನೋಡಿ ಮಾತಾಡಬೇಕಾಗಿಲ್ಲ. ಮಾತು ನಿಂತರೂ ಕಸಿವಿಸಿ ಆಗುವುದಿಲ್ಲ, ಕೆರೆ ಕಡೆ ನೋಡಿಕೊಂಡು ನಡೆಯಬಹುದು. ಕಷ್ಟದ ಮಾತು ಹೊರಬರಲು ಇದರಷ್ಟು ಒಳ್ಳೆಯ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಶುರುವಿನಲ್ಲಿ ನಮ್ಮ ಮಾತೆಲ್ಲ ಮಕ್ಕಳು, ಹೋಂವರ್ಕ್, ಗ್ಯಾಸ್ ಸಿಲಿಂಡರ್. ಅದೂ ಬೇಕು. ಆದರೆ ತಿಂಗಳುಗಟ್ಟಲೆ ಅಷ್ಟರಲ್ಲೇ ಇದ್ದರೆ ಗಂಟೆಗಳು ಕೂಡುತ್ತವೆ, ಸ್ನೇಹ ಬೆಳೆಯುವುದಿಲ್ಲ. ಹಾಲ್ ಅವರ ಅಧ್ಯಯನದಲ್ಲೂ ಹತ್ತಿರ ತಂದದ್ದು ನಗು, ತಮಾಷೆ, ಬದುಕಿನಲ್ಲಿ ಏನು ನಡೆಯುತ್ತಿದೆ ಅಂತ ಹೇಳಿಕೊಳ್ಳುವುದು. ಒಂದು ದಿನ ನಾನೇ ಶುರು ಮಾಡಿದೆ. ಆಫೀಸಿನಲ್ಲಿ ನನ್ನ ಬದಲು ನನಗಿಂತ ಚಿಕ್ಕವನಿಗೆ ಪ್ರಮೋಷನ್ ಕೊಟ್ಟಿದ್ದು, ಅದನ್ನು ಮನೆಯಲ್ಲಿ ಹೇಳದೆ ಇಟ್ಟುಕೊಂಡಿದ್ದು. ಎರಡು ಮೂರು ನಿಮಿಷದ ಮಾತು ಅಷ್ಟೇ. ಅವರು ಸಲಹೆ ಕೊಡಲಿಲ್ಲ. "ಎಷ್ಟು ಬೇಜಾರಾಗಿರಬೇಕು ನಿಮಗೆ" ಅಂದರು. ಮುಂದಿನ ವಾರ ತಮ್ಮ ತಂದೆಯ ಮರೆವಿನ ಕಾಯಿಲೆಯ ವಿಷಯ ಹೇಳಿದರು. ಹೀಗೆ ಒಂದು ಹಿಡಿ ನಾನು, ಒಂದು ಹಿಡಿ ಅವರು. ಒಬ್ಬರೇ ಎಲ್ಲ ಸುರಿದುಬಿಟ್ಟರೆ ಕೇಳಿದವರಿಗೆ ಭಾರವಾಗುತ್ತದೆ. ಅವರ ಸರದಿ ಬರುವವರೆಗೆ ತಡೆದುಕೊಳ್ಳಬೇಕು.

ಒಂದೇ ಜಾಗದಲ್ಲಿ ಇದ್ದರೆ ಸ್ನೇಹ ಆ ಜಾಗಕ್ಕೇ ಅಂಟಿಕೊಳ್ಳುತ್ತದೆ. ಅದಕ್ಕೇ ಕೆರೆಯಿಂದ ಅಡುಗೆಮನೆಗೆ ಬಂದೆವು. ಸಾಗರದ ಕಡೆಯಿಂದ ಅಣ್ಣ ಅಪ್ಪೆಮಿಡಿ ಕಳಿಸಿದ್ದ. "ಮಿಡಿ ಬಂದಿದೆ, ಭಾನುವಾರ ಉಪ್ಪಿಗೆ ಹಾಕ್ತೀನಿ, ಬರ್ತೀರಾ?" ಅಂದೆ. ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಮಿಡಿಯ ತೊಟ್ಟನ್ನು ಸ್ವಲ್ಪ ಬಿಟ್ಟು ಕತ್ತರಿಸಿ, ಮಿಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಲ್ಲುಪ್ಪಿನಲ್ಲಿ ಹಾಕಿದರೆ ಅವತ್ತಿನ ಕೆಲಸ ಮುಗಿಯಿತು. ಮಿಡಿ ಸುಕ್ಕಾಗಿ ನೀರು ಬಿಡಲು ಒಂದೆರಡು ವಾರ ಬೇಕು. ಆಮೇಲೆ ಸಾಸಿವೆ, ಮೆಣಸಿನಕಾಯಿ ಅರೆದು ಕಲಸಲು ಮತ್ತೆ ಕೂರಲೇಬೇಕು. ಮೊದಲ ಭೇಟಿಯಲ್ಲೇ ಎರಡನೆಯದು ತಾನಾಗಿ ಗೊತ್ತಾಗಿರುತ್ತದೆ. ಎರಡೂ ಮನೆಯ ಜಾಡಿ ತುಂಬಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಕೆದರಿದ ಮನೆ, ಒಣಗುತ್ತಿದ್ದ ಬಟ್ಟೆ, ಅತ್ತೆಯ ಗೊಣಗು ಎಲ್ಲವನ್ನೂ ಅವರು ನೋಡಿಬಿಟ್ಟರು. ಆಮೇಲೆ ಇಬ್ಬರೂ ತೋರಿಕೆಗೆ ಏನನ್ನೂ ಮಾಡಬೇಕಾಗಿ ಬರಲಿಲ್ಲ.

ಅತ್ತೆಗೆ ಮೊದಲು ಇಷ್ಟವಿರಲಿಲ್ಲ. "ಬೆಳಗಾಗೆದ್ದು ಅದೇನು ಮಾತಾಡ್ತೀರೋ ದಿನಾ" ಅನ್ನುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಗೆಳತಿ ಅವರನ್ನೇ ಕೇಳಿದಳು. "ಅಮ್ಮ, ನೀವೇ ಕೈಯಳತೆ ಹಾಕಿ" ಅಂದಳು. ಅವತ್ತಿನಿಂದ ಅತ್ತೆಗೂ ಅವಳು ಗೊತ್ತಿರುವ ಹುಡುಗಿ. ಮನೆಯವರಿಗೆ ಮುಖ ಪರಿಚಯವಿಲ್ಲದ ಸ್ನೇಹವನ್ನು ನಮ್ಮಂಥ ಮನೆಗಳಲ್ಲಿ ಉಳಿಸಿಕೊಳ್ಳುವುದು ಕಷ್ಟ, ಪ್ರತಿ ಸಲವೂ ಕಾರಣ ಹೇಳಬೇಕಾಗುತ್ತದೆ.

ಸ್ನೇಹ ನಿಜವೋ ಬರೀ ಜೊತೆ ಕೂತಿದ್ದೋ ಅನ್ನುವುದು ಗೊತ್ತಾಗುವುದು ಕೂಡುವ ಕಾರಣ ಹೋದಾಗ. ಹತ್ತನೇ ಕ್ಲಾಸು ಅಂತ ಅವಳ ಮಗಳು ಡ್ಯಾನ್ಸ್ ಬಿಟ್ಟಳು. ಶನಿವಾರ ನಿಂತಿತು, ಆದರೆ ವಾಕಿಂಗ್ ಇತ್ತು, ಅಡುಗೆಮನೆ ಇತ್ತು. ಅದೇ ಕ್ಲಾಸಿನ ಇನ್ನೊಬ್ಬರ ಜೊತೆಯೂ ನಾನು ಅಷ್ಟೇ ಮಾತಾಡುತ್ತಿದ್ದೆ, ಅವರನ್ನೂ ಕರೆದಿದ್ದೆ. ಪ್ರತಿ ಸಲ ನಾನೇ ಫೋನ್ ಮಾಡಬೇಕಿತ್ತು. ಮಕ್ಕಳ ಮಾರ್ಕ್ಸ್ ಬಿಟ್ಟು ಮಾತು ಮುಂದೆ ಹೋಗುತ್ತಿರಲಿಲ್ಲ. ಕ್ಲಾಸ್ ಬದಲಾದ ಮೇಲೆ ಅದು ತಾನಾಗಿ ನಿಂತಿತು. ಅವರ ಮೇಲೆ ನನಗೆ ಬೇಸರವಿಲ್ಲ, ಎದುರು ಸಿಕ್ಕರೆ ನಗುತ್ತೇವೆ. ಆದರೆ ಎರಡು ಮೂರು ತಿಂಗಳಾದರೂ ಎದುರಿನವರು ಒಮ್ಮೆಯೂ ತಾವಾಗಿ ಕರೆಯದಿದ್ದರೆ ಆ ಹೊತ್ತನ್ನು ಬೇರೆಯವರಿಗೆ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ವಾಟ್ಸಾಪ್ ಗ್ರೂಪಿನ ಬಗ್ಗೆ ಒಂದು ಮಾತು. ಆ ಕ್ಲಾಸಿನ ತಾಯಂದಿರ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಬರುತ್ತದೆ. ಅದರಿಂದ ಯಾರೂ ಯಾರಿಗೂ ಹತ್ತಿರವಾಗಿದ್ದು ನಾನು ನೋಡಿಲ್ಲ. ಆದರೆ ಮೊದಲೇ ಆಪ್ತರಾಗಿರುವವರಿಗೆ ಫೋನು ತುಂಬಾ ಉಪಯೋಗ. ಸಾಗರದ ನನ್ನ ಹಳೆಯ ಗೆಳತಿಗೆ ಬಸ್ಸಿನಲ್ಲಿ ಹೋಗುವಾಗ ಎರಡು ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ, ಅವಳು ರಾತ್ರಿ ಪಾತ್ರೆ ತೊಳೆಯುವಾಗ ಕೇಳಿ ಉತ್ತರ ಕೊಡುತ್ತಾಳೆ.

ಕೈಮಗು ಇರುವಾಗ, ಮನೆಯಲ್ಲಿ ಹಾಸಿಗೆ ಹಿಡಿದವರಿರುವಾಗ ಈ ರೀತಿ ನಡೆಯುವುದಿಲ್ಲ. ಹೊತ್ತು ನಮ್ಮ ಕೈಯಲ್ಲಿ ಇರುವುದೇ ಇಲ್ಲ. ಗೆಳತಿಯ ತಂದೆಗೆ ಜಾಸ್ತಿಯಾಗಿ ಅವಳು ಮನೆಗೆ ಕರೆತಂದಾಗ ಬೆಳಗಿನ ವಾಕಿಂಗ್ ನಿಂತೇಹೋಯಿತು. ಆಗ ನಾನು ಗುರುವಾರ ಸಂಜೆ ಅವರ ಮನೆಗೆ ಹೋಗಿ ಅಪ್ಪನ ಹತ್ತಿರ ಕೂರುತ್ತಿದ್ದೆ, ಅವಳು ಅಂಗಡಿಗೆ ಹೋಗಿ ಬರುತ್ತಿದ್ದಳು. ಬಂದ ಮೇಲೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಮಾತು. ದಿನ ಗುರುವಾರವೇ ಇರಲಿ ಅಂತ ಹೇಳಿದ್ದು ಅವಳು, ಅದನ್ನು ಇಬ್ಬರೂ ಬಿಟ್ಟಿಲ್ಲ. ಈಗ ಮತ್ತೆ ಕೆರೆಗೆ ಹೋಗುತ್ತಿದ್ದೇವೆ. ಅವಳ ಶಾಲೆಯ ಇನ್ನೊಬ್ಬ ಟೀಚರ್ ಮಂಗಳವಾರ ಜೊತೆಯಾಗುತ್ತಾರೆ. ಮೂವರಿದ್ದರೆ ಮಾತು ಬೇರೆ ರೀತಿ ಇರುತ್ತದೆ, ನಗು ಜಾಸ್ತಿ, ಮನೆಯ ಒಳಗಿನ ವಿಷಯ ಕಡಿಮೆ. ಅದಕ್ಕೆ ಗುರುವಾರವನ್ನು ಇಬ್ಬರಿಗೇ ಅಂತ ಇಟ್ಟುಕೊಂಡಿದ್ದೇವೆ.