ನಾಯಬ್ ಸುಬೇದಾರ್ ಅಂದ್ರೇನು ಅಂತ ಎಚ್‌ಆರ್‌ಗೆ ಅರ್ಥ ಮಾಡಿಸಿದ್ದು

"ಸಾಬ್, ಜೆಸಿಓ ಆದರೇನು, ಹೊರಗೆ ನಮಗೆ ಸೆಕ್ಯೂರಿಟಿ ಕೆಲಸವೇ ಗತಿ." ಸೇನೆಯಲ್ಲಿ ನಾಯಬ್ ಸುಬೇದಾರ್, ಅಂದರೆ ಜೆಸಿಓ ದರ್ಜೆಯ ಕಿರಿಯ ಅಧಿಕಾರಿ ಆಗಿದ್ದ ನನಗೆ ಕ್ಯಾಂಟೀನ್ ಸಾಲಿನಲ್ಲಿ ಜೊತೆಯವರು ಹೀಗೆ ಹೇಳಿದ್ದರು. ಈಗ ನಾನು ನೆಲಮಂಗಲದ ಒಂದು ಗೋದಾಮಿನಲ್ಲಿ ಫ್ಲೀಟ್ ಸೂಪರ್‌ವೈಸರ್. ಸಂಬಳ ತಿಂಗಳಿಗೆ 42,000. ಅದೇ ಜೊತೆಯವರು ಈಗ ರೆಸ್ಯೂಮೆ ಕೇಳಿಕೊಂಡು ಮನೆಗೆ ಬರುತ್ತಾರೆ.

ಸೇನೆಯ ಸರಬರಾಜು-ಸಾಗಣೆ ವಿಭಾಗವಾದ ಎಎಸ್‌ಸಿಯಲ್ಲಿ 26 ವರ್ಷ, ಬಹುಪಾಲು ಎಂಟಿಯಲ್ಲಿ, ಅಂದರೆ ವಾಹನಗಳ ಕೆಲಸದಲ್ಲಿ ಕಳೆದೆ. ಮೊದಲ ರೆಸ್ಯೂಮೆ ಐದು ಪುಟ ಇತ್ತು. ಪೋಸ್ಟಿಂಗ್, ಕೋರ್ಸ್, ಮೆಡಲ್ ಎಲ್ಲ ತುಂಬಿದ್ದೆ. ಆರು ತಿಂಗಳಲ್ಲಿ ಸುಮಾರು 70 ಕಡೆ ಕಳಿಸಿದೆ. ನಾಲ್ಕು ಕರೆ ಬಂದವು. ನಾಲ್ಕೂ ಸೆಕ್ಯೂರಿಟಿಗೆ, 18–20 ಸಾವಿರಕ್ಕೆ.

ಆಮೇಲೆ ಒಬ್ಬರಿಗೆ 6,500 ಕೊಟ್ಟು ಬರೆಸಿದೆ. ಅವರು ನಾಯಬ್ ಸುಬೇದಾರ್ ಅಂತಿದ್ದ ಕಡೆ 'ಸೀನಿಯರ್ ಮ್ಯಾನೇಜರ್' ಅಂತ ಹಾಕಿದರು. ಕರೆ ಬಂತು, ಹೋದೆ. "ನಿಮ್ಮ ಕೈಯಲ್ಲಿದ್ದ ಲಾಭ-ನಷ್ಟದ ಲೆಕ್ಕ ಎಷ್ಟು?" ಅಂತ ಕೇಳಿದರು. ನಾನು ಆ ಲೆಕ್ಕ ನೋಡಿದವನೇ ಅಲ್ಲ. ಹತ್ತು ನಿಮಿಷಕ್ಕೆ ಎದ್ದು ಬಂದೆ. ಅವತ್ತೇ ಗೊತ್ತಾಯಿತು, ರ‍್ಯಾಂಕಿಗೆ ಕಂಪನಿ ಹುದ್ದೆ ಹುಡುಕಬಾರದು. ಆ ರ‍್ಯಾಂಕಿನಲ್ಲಿ ದಿನಾ ಏನು ಮಾಡುತ್ತಿದ್ದೆನೋ ಅದಕ್ಕೆ ಹೊರಗಿನ ಹೆಸರು ಹುಡುಕಬೇಕು.

ತಂಗಿ ಮಗಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳನ್ನು ಕೂರಿಸಿಕೊಂಡು ರೆಸ್ಯೂಮೆ ಓದಿ ಹೇಳಿದೆ. "ಹಾಗಂದ್ರೆ ಏನು ಮಾವ?" ಅಂತ ಅವಳು ಕೇಳಿದ ಪದಕ್ಕೆಲ್ಲ ಗೆರೆ ಹಾಕಿದೆ. ಹದಿನೇಳು ಸಿಕ್ಕವು. ವಿಓಆರ್, ಎಫ್‌ಓಎಲ್, ಕಾರ್ ಡೈರಿ, ಕಂಡೆಮ್ನೇಷನ್ ಬೋರ್ಡ್ ಹೀಗೆ. ಇನ್ನೊಂದು ಕಡೆ ಫ್ಲೀಟ್ ಕೆಲಸದ ಐದಾರು ಜಾಹೀರಾತು ಪ್ರಿಂಟ್ ತೆಗೆದು, ಮತ್ತೆ ಮತ್ತೆ ಬರುವ ಪದಗಳನ್ನು ಗುರುತು ಮಾಡಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸಾಲು ಬದಲಾದದ್ದು ಹೇಳುತ್ತೇನೆ. ಮೊದಲು ಬರೆದಿದ್ದು: 'ಎಂಟಿ ಜೆಸಿಓ ಆಗಿ ವಿಓಆರ್ ಸ್ಟೇಟ್ ಸುಧಾರಿಸಿದೆ'. ವಿಓಆರ್ ಅಂದರೆ ಕೆಟ್ಟು ನಿಂತ ಗಾಡಿ ಅಂತ ನಮಗೆ ಗೊತ್ತು, ಇಷ್ಟು ಸಾಕು, ಅಲ್ವಾ? ಎಚ್‌ಆರ್‌ಗೆ ಇದರಲ್ಲಿ ಏನೂ ಇಲ್ಲ. ನೆನಪು ಮಾಡಿಕೊಂಡೆ. ನಾನು ಚಾರ್ಜ್ ತೆಗೆದುಕೊಂಡಾಗ 60ರಲ್ಲಿ ಒಂಬತ್ತು ಗಾಡಿ ನಿಂತಿದ್ದವು, ಬಿಡುವಾಗ ನಾಲ್ಕು. ಹೊಸ ಸಾಲು: '50ಕ್ಕೂ ಹೆಚ್ಚು ಭಾರೀ ವಾಹನ, 70ರಷ್ಟು ಚಾಲಕರ ಉಸ್ತುವಾರಿ, ಒಂದೂವರೆ ವರ್ಷದಲ್ಲಿ ಓಡುವ ವಾಹನಗಳ ಪ್ರಮಾಣ 85ರಿಂದ 93 ಪರ್ಸೆಂಟಿಗೆ'. ಮೇಲೆ 'ಫ್ಲೀಟ್ ಆಪರೇಷನ್ಸ್ ಸೂಪರ್‌ವೈಸರ್', ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ನಾಯಬ್ ಸುಬೇದಾರ್, ಭಾರತೀಯ ಸೇನೆ'. ರ‍್ಯಾಂಕ್ ಮುಚ್ಚಿಡಬೇಡಿ. ಡಿಸ್ಚಾರ್ಜ್ ಬುಕ್ ನೋಡಿದಾಗ ಎರಡೂ ತಾಳೆ ಆಗಬೇಕು.

ರೆಸ್ಯೂಮೆಯಲ್ಲಿ ಗಾಡಿಗಳ ಸರಿಯಾದ ಸಂಖ್ಯೆ, ಯೂನಿಟ್ ಹೆಸರು, ಜಾಗ ಯಾವುದನ್ನೂ ಬರೆಯಲಿಲ್ಲ. ಬರೆಯಲೂಬಾರದು. ಜೋಜಿಲಾ ಪಾಸ್ ಹಿಮದಿಂದ ಮುಚ್ಚುವ ಮೊದಲು ಲಡಾಖಿಗೆ ಚಳಿಗಾಲದ ಸಾಮಾನು ಸಾಗಿಸುವುದು ನಿಮಗೆ ಗೊತ್ತೇ ಇದೆ. ಅದು 'ರಸ್ತೆ ಮುಚ್ಚುವ ಗಡುವಿನೊಳಗೆ ಎತ್ತರದ ಪ್ರದೇಶಕ್ಕೆ ಚಳಿಗಾಲದ ದಾಸ್ತಾನು ಸಾಗಣೆ' ಆಯಿತು. ಇಂಟರ್‌ವ್ಯೂನಲ್ಲಿ ಜಾಸ್ತಿ ಹೊತ್ತು ಕೇಳಿದ್ದು ಇದನ್ನೇ. ಗಾಡಿ ಮಧ್ಯದಲ್ಲಿ ಕೆಟ್ಟರೆ ಲೋಡ್ ಹೇಗೆ ಬದಲಿಸುತ್ತಿದ್ದಿರಿ ಅಂದರು. ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ.

ಇನ್ನೊಂದು ಸಣ್ಣ ಪ್ರಯೋಗ. 'ರಿಟೈರ್ಡ್' ಅನ್ನೋ ಪದ ಇರುವುದನ್ನು 20 ಕಡೆ, ಇಲ್ಲದ್ದನ್ನು 20 ಕಡೆ ಕಳಿಸಿದೆ. ಉಳಿದದ್ದೆಲ್ಲ ಒಂದೇ. ಮೊದಲನೆಯದಕ್ಕೆ ಒಂದು ಕರೆ, ಎರಡನೆಯದಕ್ಕೆ ಆರು. ಆ ಪದ ನೋಡಿದರೆ ಅರವತ್ತು ದಾಟಿದವರು ಅಂದುಕೊಳ್ಳುತ್ತಾರೆ. ನನಗೆ ಆಗ 45. ಈಗ 'ಸೇವಾ ಅವಧಿ ಪೂರ್ಣ' ಅಂತ ಹಾಕುತ್ತೇನೆ.

15 ವರ್ಷದ ಸೇವೆಗೆ ಸಿಗುವ ಗ್ರಾಜುಯೇಷನ್ ಸರ್ಟಿಫಿಕೇಟ್ ಇದೆಯಲ್ಲ, ಅದನ್ನು ಡಿಗ್ರಿ ಅಂತ ಬರೆಯಬೇಡಿ. ಸರ್ಕಾರದ ಗ್ರೂಪ್ ಸಿ ಕೆಲಸಕ್ಕೆ ನಡೆಯುತ್ತದೆ, ಕಂಪನಿಯವರು ಯೂನಿವರ್ಸಿಟಿ ಹೆಸರು ಕೇಳುತ್ತಾರೆ. ಅದರ ಹೆಸರನ್ನೇ ಇದ್ದ ಹಾಗೆ ಬರೆದೆ. ರೆಸ್ಯೂಮೆಯ ಮೇಲ್ಭಾಗದ ಮೂರು ಸಾಲಿನ ಪರಿಚಯ ಹೇಗೆ ಬರೆದೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಮನೆಗೆ ಬಂದವರಿಗೆ ಹೇಳುತ್ತೇನೆ.

ಸದ್ಯ ಇನ್‌ಫೆಂಟ್ರಿಯ ಒಬ್ಬ ಹವಾಲ್ದಾರರದ್ದು ಮಾಡುತ್ತಿದ್ದೇನೆ. ಇದು ಕಷ್ಟ. ಸೆಕ್ಷನ್ ಕಮಾಂಡರ್ ಅಂದರೆ ಹತ್ತು ಜನ, ಅದಕ್ಕೆ ಕಂಪನಿಯಲ್ಲಿ ನೇರ ಹೆಸರಿಲ್ಲ. ಕೊನೆಗೆ ಅವರು ಎರಡು ವರ್ಷ ಆಯುಧಗಳ ಕೋಣೆ ನೋಡಿಕೊಳ್ಳುವ ಕೋತ್ ಎನ್‌ಸಿಓ ಆಗಿದ್ದರು ಅಂತ ಮಾತಿನ ಮಧ್ಯೆ ಬಂತು. ದಿನಾ ಬೆಳಿಗ್ಗೆ ಸಂಜೆ ಎಣಿಕೆ, ಸಹಿ ಇಲ್ಲದೆ ಒಂದು ತುಣುಕೂ ಹೊರಗೆ ಹೋಗಲ್ಲ, ಎರಡು ವರ್ಷದಲ್ಲಿ ಒಂದೂ ಕೊರತೆ ಇಲ್ಲ. ಇದನ್ನು ಹೇಳುವುದಕ್ಕೆ ಮೊದಲು ಅವರು ಮುಕ್ಕಾಲು ಗಂಟೆ ಬರೀ ಫೈರಿಂಗ್ ಬಗ್ಗೆ ಮಾತಾಡಿದ್ದರು. ಸ್ಟೋರ್ಸ್ ಕೆಲಸದ ಜಾಹೀರಾತು ನೋಡಿ ಇಟ್ಟಿದ್ದೇವೆ, ಭಾನುವಾರ ಮತ್ತೆ ಕೂರುತ್ತೇವೆ.